ಡಿಡಿಪಿಐಗೆ ಬರೆದ ಪತ್ರದಲ್ಲಿ ‘ಕ್ರಮ ಕೈಗೊಳ್ಳುವುದು’ ಅಂತ ಬರೆದೆ, ಎಚ್‌ಎಂ ವಾಪಸ್ ಕೊಟ್ಟರು. ತಪ್ಪೇನು?

ಹೊಸ ಗುಮಾಸ್ತ

ಎಲ್ಲರಿಗೂ ನಮಸ್ಕಾರ. ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ದ್ವಿತೀಯ ದರ್ಜೆ ಸಹಾಯಕನಾಗಿ ಸೇರಿ ಐದು ತಿಂಗಳಾಯಿತು. ನಮ್ಮ ಶಾಲೆಯ ಎರಡು ಕೊಠಡಿ ಸೋರುತ್ತಿವೆ. ದುರಸ್ತಿಗೆ ಅನುದಾನ ಕೇಳಿ ಜಿಲ್ಲೆಯ ಶಾಲಾ ಶಿಕ್ಷಣ ಉಪನಿರ್ದೇಶಕರಿಗೆ, ಅಂದರೆ ಡಿಡಿಪಿಐಗೆ, ಪತ್ರ ಬರಿ ಅಂದರು ನಮ್ಮ ಮುಖ್ಯ ಶಿಕ್ಷಕರು. ಕ್ಷೇತ್ರ ಶಿಕ್ಷಣಾಧಿಕಾರಿ, ಅಂದರೆ ಬಿಇಒ, ಕಚೇರಿಯ ಮೂಲಕ ಹೋಗಬೇಕು. ನಾನು ಬರೆದದ್ದು ಇದು:

“ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ನಮ್ಮ ಶಾಲೆಯ ಎರಡು ಕೊಠಡಿಗಳ ಮೇಲ್ಛಾವಣಿ ಸೋರುತ್ತಿದ್ದು, ಕ್ಷೇತ್ರ ಶಿಕ್ಷಣಾಧಿಕಾರಿಗಳು ರವರು ತಮ್ಮ ಪತ್ರದಲ್ಲಿ ಕೇಳಿರುತ್ತಾರೆ. ಅದರಂತೆ ನಾನು ಅಂದಾಜು ಪಟ್ಟಿಯನ್ನು ನಿಮ್ಮ ಮಾಹಿತಿಗಾಗಿ ಕಳುಹಿಸಿದೆ. ಅನುದಾನ ಬಿಡುಗಡೆಗೆ ಕೂಡಲೇ ಕ್ರಮ ಕೈಗೊಳ್ಳುವುದು.”

ಎಚ್‌ಎಂ ಓದಿ ನಕ್ಕರು. ಆಮೇಲೆ ಸೀರಿಯಸ್ಸಾಗಿ, “ನೀನು ಡಿಡಿಪಿಐಗೆ ಬಾಸಾ?” ಅಂದರು. ಕೆಂಪು ಪೆನ್ನಿನಲ್ಲಿ ನಾಲ್ಕು ಕಡೆ ಗೀಟು ಹಾಕಿದರು, ಆದರೆ ಏನು ಬರೆಯಬೇಕು ಅಂತ ಹೇಳಲಿಲ್ಲ. ನಾನು ಎಲ್ಲ ಪದಗಳನ್ನೂ ನಮ್ಮ ಫೈಲಿನಲ್ಲಿದ್ದ ಸರ್ಕಾರಿ ಪತ್ರಗಳಿಂದಲೇ ತೆಗೆದುಕೊಂಡಿದ್ದೆ. ಹಾಗಿದ್ದರೂ ತಪ್ಪು ಹೇಗಾಯಿತು?

ಗೌರವಾನ್ವಿತ

ಗೌರವ ಕಡಿಮೆ ಆಯಿತು, ಅಷ್ಟೇ. ಹೀಗೆ ಬರೆಯಿರಿ: “ಘನತೆವೆತ್ತ ಮಾನ್ಯ ಉಪನಿರ್ದೇಶಕರವರ ದಿವ್ಯ ಸನ್ನಿಧಾನಕ್ಕೆ ತಮ್ಮ ವಿಧೇಯ ಸೇವಕನು ಭಕ್ತಿಪೂರ್ವಕವಾಗಿ ಪ್ರಾರ್ಥಿಸಿಕೊಳ್ಳುವುದೇನೆಂದರೆ...” ನಮ್ಮ ತಂದೆ ಹೀಗೇ ಬರೆಯುತ್ತಿದ್ದರು. ಒಂದು ಪತ್ರವೂ ವಾಪಸ್ ಬಂದಿದ್ದಿಲ್ಲ.

ಕಡತದ ಕಟ್ಟು

ಸ್ವಾಮಿ, ‘ಘನತೆವೆತ್ತ’ ರಾಜ್ಯಪಾಲರಿಗೆ ಬರೆಯುವ ಮಾತು. ದಿವ್ಯ ಸನ್ನಿಧಾನ ಮಠಕ್ಕೆ ಸರಿ. ಡಿಡಿಪಿಐ ಕಚೇರಿಯ ಕೇಸ್ ವರ್ಕರ್ ಅದನ್ನು ಓದಿ ಪಕ್ಕದ ಟೇಬಲ್‌ಗೆ ತೋರಿಸಿ ನಗ್ತಾರೆ, ಅಷ್ಟೇ ಆಗೋದು.

ನಿವೃತ್ತ ಶಿರಸ್ತೇದಾರ

ತಮ್ಮಾ, ನೀನು ಮಾಡಿದ್ದು ಎಲ್ಲ ಹೊಸಬರೂ ಮಾಡುವ ತಪ್ಪು. ನಾನೂ ಮಾಡಿದ್ದೆ. ಸ್ವಲ್ಪ ಯೋಚನೆ ಮಾಡು. ನಿನ್ನ ಫೈಲಿನಲ್ಲಿರುವ ಪತ್ರಗಳು ಎಲ್ಲಿಂದ ಬಂದವು? ಬಿಇಒ ಕಚೇರಿಯಿಂದ, ಡಿಡಿಪಿಐ ಕಚೇರಿಯಿಂದ, ಆಯುಕ್ತರ ಕಚೇರಿಯಿಂದ. ಎಲ್ಲವೂ ಮೇಲಿಂದ ಕೆಳಕ್ಕೆ ಇಳಿದು ಬಂದ ಪತ್ರಗಳು. ಶಾಲೆಗಿಂತ ಕೆಳಗೆ ಇನ್ನೊಂದು ಕಚೇರಿಯೇ ಇಲ್ಲ. ಹಾಗಾಗಿ ಕೆಳಗಿನವರು ಮೇಲಿನವರಿಗೆ ಬರೆದ ಪತ್ರ ನಿನ್ನ ಟಪಾಲಿನಲ್ಲಿ ಒಂದೂ ಬರುವುದಿಲ್ಲ. ನೀನು ದೊಡ್ಡವರ ಮಾತನ್ನು ಕಲಿತು ದೊಡ್ಡವರಿಗೇ ತಿರುಗಿಸಿ ಹೇಳಿದೆ.

‘ಕೈಗೊಳ್ಳುವುದು’, ‘ಸಲ್ಲಿಸುವುದು’, ‘ವರದಿ ನೀಡುವುದು’ ಇವೆಲ್ಲ ಸೂಚನೆ. ‘ತಕ್ಕದ್ದು’ ಅಂತ ಮುಗಿಯುವುದು ಅದಕ್ಕಿಂತ ಬಿಗಿ, ಅದು ನಿಯಮದ ಮತ್ತು ಆದೇಶದ ಮಾತು. ಇವು ಮೇಲಿನವರ ಬಾಯಿಗೆ ಮಾತ್ರ ಸರಿ. ಮೇಲಕ್ಕೆ ಬರೆಯುವಾಗ ‘ಕ್ರಮ ಕೈಗೊಳ್ಳಬೇಕೆಂದು ಕೋರಿದೆ’, ‘ಮಂಜೂರು ಮಾಡಿಕೊಡಬೇಕೆಂದು ಕೋರಿದೆ’. ‘ಕೈಗೊಳ್ಳಬೇಕು’ ಅಂತ ಅಲ್ಲೇ ನಿಲ್ಲಿಸಿದರೆ ಆಜ್ಞೆ. ಅದರ ಮುಂದೆ ‘ಎಂದು ಕೋರಿದೆ’ ಸೇರಿದರೆ ಕೋರಿಕೆ.

‘ಕಳುಹಿಸಿದೆ’ ಕೂಡ ಹಾಗೇ. ಸಮಾನ ಕಚೇರಿಗೆ, ಕೆಳಗಿನ ಕಚೇರಿಗೆ ಕಳುಹಿಸುತ್ತೇವೆ. ಮೇಲಕ್ಕೆ ಸಲ್ಲಿಸುತ್ತೇವೆ. ‘ಮಾಹಿತಿಗಾಗಿ’ ಕೆಳಕ್ಕೆ ಮತ್ತು ಪಕ್ಕಕ್ಕೆ, ‘ಅವಗಾಹನೆಗಾಗಿ’ ಮೇಲಕ್ಕೆ. ನಿನಗೆ ಬರುವ ಪತ್ರದ ಕೊನೆಯಲ್ಲಿ ‘ಪ್ರತಿಗಳು’ ಅಂತ ಇರುತ್ತಲ್ಲ, ಅಲ್ಲಿ ನೋಡು. ಆಯುಕ್ತರ ಹೆಸರಿನ ಮುಂದೆ ಅವಗಾಹನೆ ಇರುತ್ತದೆ, ನಿನ್ನ ಶಾಲೆಯ ಹೆಸರಿನ ಮುಂದೆ ಮಾಹಿತಿ ಇರುತ್ತದೆ. ಒಂದೇ ಹಾಳೆಯಲ್ಲಿ ಎರಡೂ ಕಾಣುತ್ತವೆ.

ಮಾದರಿ ಬೇಕಿದ್ದರೆ ಬಂದ ಪತ್ರ ನೋಡಬೇಡ. ನಿನ್ನ ಶಾಲೆಯಿಂದ ಹೊರಗೆ ಹೋದ ಪತ್ರಗಳ ಕಚೇರಿ ಪ್ರತಿ ತೆಗೆದು ನೋಡು.

ಹೊಸ ಗುಮಾಸ್ತ

ಸರ್, ಇದು ಹೊಳೆದೇ ಇರಲಿಲ್ಲ! ನಾಳೆಯೇ ಕಚೇರಿ ಪ್ರತಿ ಹುಡುಕುತ್ತೇನೆ. ‘ನಾನು ಕಳುಹಿಸಿದೆ’ ಅನ್ನುವ ಕಡೆಯೂ ಗೀಟು ಇದೆ. ‘ನಾನು ಸಲ್ಲಿಸಿದೆ’ ಅಂತ ಮಾಡಿದರೆ ಸಾಕಾ?

ಧಾರವಾಡದ ಟೀಚರ್

ನಮ್ಮ ಕಡೆ ಒಂದು ರಜಾ ಅರ್ಜಿ ಹಿಂಗs ವಾಪಸ್ ಬಂದಿತ್ತು ನೋಡ್ರಿ. ‘ಮೂರು ದಿನ ರಜೆ ಮಂಜೂರು ಮಾಡುವುದು’ ಅಂತ ಬರೆದಿದ್ದೆ. ನಮ್ಮ ಹೆಡ್ ಮಾಸ್ತರು ಅದರ ಮೇಲೆ ‘ಆಗಲಿ, ಆದೇಶದಂತೆ’ ಅಂತ ಬರೆದು ಕೊಟ್ಟರು. ಇಡೀ ಸ್ಟಾಫ್ ರೂಮಿಗೆ ಗೊತ್ತಾತು.

ಕನ್ನಡ ಪಾಠ

ಗುಮಾಸ್ತರೇ, ನಿಮ್ಮ ಪ್ರಶ್ನೆ ಚೆನ್ನಾಗಿದೆ. ‘ಸಲ್ಲಿಸಿದೆ’ ಅನ್ನುವ ಒಂದೇ ರೂಪದಲ್ಲಿ ಎರಡು ಕ್ರಿಯಾಪದ ಅಡಗಿವೆ. ‘ನಾನು ನಿನ್ನೆ ಪತ್ರ ಸಲ್ಲಿಸಿದೆ’ ಅನ್ನುವಾಗ ಅದು ‘ನಾನು’ಗೆ ಹೊಂದುವ ಭೂತಕಾಲ. ‘ಸರ್ಕಾರ ವರದಿ ಸಲ್ಲಿಸಿದೆ’ ಅನ್ನುವಾಗ ಅದು ‘ಸಲ್ಲಿಸಿ ಇದೆ’. ನೋಡಲು ಒಂದೇ, ಒಳಗೆ ಬೇರೆ. ಇಲ್ಲ ಅಂತ ಹೇಳಿನೋಡಿ, ಬೇರೆಯಾಗಿಬಿಡುತ್ತವೆ. ಮೊದಲನೆಯದು ‘ನಾನು ಸಲ್ಲಿಸಲಿಲ್ಲ’ ಆಗುತ್ತದೆ, ಎರಡನೆಯದು ‘ಸರ್ಕಾರ ಸಲ್ಲಿಸಿಲ್ಲ’ ಆಗುತ್ತದೆ.

ಕಚೇರಿ ಪತ್ರದಲ್ಲಿ ಬರುವುದು ಎರಡನೆಯದು. ‘ಈ ಕಚೇರಿ’ ಅನ್ನುವ ಕರ್ತೃ ಕಾಣದೆ ನಿಂತಿರುತ್ತದೆ. ಅದಕ್ಕೇ ಆ ವಾಕ್ಯದಲ್ಲಿ ‘ನಾನು’ ಇರಬಾರದು. ‘ನಾನು ಅಂದಾಜು ಪಟ್ಟಿ ಸಲ್ಲಿಸಿದೆ’ ಅಂದರೆ ಯಾವತ್ತೋ ಸಲ್ಲಿಸಿದ ಕಥೆ ಹೇಳಿದ ಹಾಗೆ ಕೇಳಿಸುತ್ತದೆ. ‘ಅಂದಾಜು ಪಟ್ಟಿಯನ್ನು ಇದರೊಂದಿಗೆ ಸಲ್ಲಿಸಿದೆ’ ಅಂದರೆ ಈಗ, ಈ ಪತ್ರದ ಜೊತೆಗೆ ಅಂತ.

ಕಡತದ ಕಟ್ಟು

ಹಾಗಾದರೆ ‘ಸಲ್ಲಿಸಲಾಗಿದೆ’ ಅಂತ ಬರೆದರೆ ಜಗಳವೇ ಇಲ್ಲ ಅಲ್ವಾ? ನಾನು ಎಲ್ಲ ಕಡೆ ‘ಲಾಗಿದೆ’ ಹಾಕುತ್ತೇನೆ. ಕೋರಲಾಗಿದೆ, ತಿಳಿಸಲಾಗಿದೆ, ವಿನಂತಿಸಲಾಗಿದೆ. ಅದೇ ಅತಿ ಮರ್ಯಾದೆ.

ನಿವೃತ್ತ ಶಿರಸ್ತೇದಾರ

ಅರ್ಧ ಒಪ್ಪುತ್ತೇನೆ. ‘ಸಲ್ಲಿಸಲಾಗಿದೆ’ ತಪ್ಪಲ್ಲ. ಆದರೆ ಅದು ಮರ್ಯಾದೆಯ ರೂಪ ಅಲ್ಲ, ಯಾರು ಮಾಡಿದರು ಅಂತ ಹೇಳದೆ ಇರುವ ರೂಪ. ಮೇಲಿನವರೂ ನಮಗೆ ‘ಈಗಾಗಲೇ ಸೂಚಿಸಲಾಗಿದೆ, ಆದಾಗ್ಯೂ ವರದಿ ಬಂದಿರುವುದಿಲ್ಲ’ ಅಂತ ಬೈಯುತ್ತಾರೆ. ಅಲ್ಲಿ ಎಲ್ಲಿದೆ ಮರ್ಯಾದೆ? ಇನ್ನು ‘ಕೋರಲಾಗಿದೆ’ ಅಂದರೆ ಯಾರೋ ಎಲ್ಲೋ ಕೋರಿದ್ದಾರೆ ಅನ್ನುವ ಹಾಗಿರುತ್ತದೆ. ಕೇಳುವವನು ತಾನು ಕೇಳುತ್ತಿದ್ದೇನೆ ಅಂತ ಹೇಳಿಕೊಳ್ಳಬೇಕು. ನಾನು ಕರಡು ತಿದ್ದುವಾಗ ‘ಸಲ್ಲಿಸಲಾಗಿದೆ’ಯನ್ನು ಬಿಡುತ್ತಿದ್ದೆ, ‘ಕೋರಲಾಗಿದೆ’ಯನ್ನು ‘ಕೋರಿದೆ’ ಮಾಡುತ್ತಿದ್ದೆ.

ಧಾರವಾಡದ ಟೀಚರ್ ಹೇಳಿದ ರಜೆ ಅರ್ಜಿಯ ಮಾತು ಬೇರೆ. ರಜೆ ಕೇಳುವುದು ಕಚೇರಿ ಅಲ್ಲ, ಮನುಷ್ಯ. ಅಲ್ಲಿ ‘ಕೋರಿದೆ’ ಅಂದರೆ ಕಚೇರಿಯೇ ರಜೆ ಮೇಲೆ ಹೊರಟ ಹಾಗೆ. ಅಲ್ಲಿ ‘ಮಂಜೂರು ಮಾಡಬೇಕೆಂದು ಕೋರುತ್ತೇನೆ’ ಅಂತ ನೇರವಾಗಿ ಬರೆಯಬೇಕು.

ಕನ್ನಡ ಪಾಠ

ನನ್ನ ಮಟ್ಟಿಗೆ ಕಚೇರಿ ಪತ್ರದಲ್ಲೂ ‘ಕೋರುತ್ತೇನೆ’ಯೇ ಒಳ್ಳೆಯದು. ಕೆಳಗೆ ಒಬ್ಬ ಮನುಷ್ಯ ಸಹಿ ಹಾಕಿರುತ್ತಾನಲ್ಲ.

ನಿವೃತ್ತ ಶಿರಸ್ತೇದಾರ

ಸಹಿ ಮನುಷ್ಯನದು, ಮೊಹರು ಕಚೇರಿಯದು. ನಾಳೆ ಆ ಮನುಷ್ಯನಿಗೆ ವರ್ಗ ಆಗುತ್ತದೆ, ಪತ್ರ ಮಾತ್ರ ಅಲ್ಲೇ ಇರುತ್ತದೆ. ನಾನಂತೂ ‘ಕೋರಿದೆ’ ಬಿಡುವವನಲ್ಲ.

ಸಾಗರದ ಸುಮಾ

ಇಲ್ಲಿ ಕೇಳಬಹುದಾ ಗೊತ್ತಿಲ್ಲ. ನಮ್ಮ ಜಮೀನಿನ ಪಹಣಿಯಲ್ಲಿ ಅಜ್ಜನ ಹೆಸರು ತಪ್ಪಾಗಿದೆ. ತಹಶೀಲ್ದಾರರಿಗೆ ಅರ್ಜಿ ಬರೆಯಬೇಕು. ಅವರು ಹೆಂಗಸು. ‘ಮಾನ್ಯರೇ’ ಅಂದರೆ ಬೇಜಾರು ಮಾಡಿಕೊಳ್ಳುತ್ತಾರಾ? ‘ಮೇಡಂ’ ಅಂತ ಬರೆಯಲಾ?

ಕಡತದ ಕಟ್ಟು

‘ಮಾನ್ಯರೇ’ ಇಬ್ಬರಿಗೂ ನಡೆಯುತ್ತದೆ ಅಕ್ಕಾ. ‘ಮಹಾಶಯರೇ’ ಮಾತ್ರ ಬೇಡ. ಮೇಲೆ ‘ತಹಶೀಲ್ದಾರರು’ ಅಂತ ಹುದ್ದೆ ಬರೆದರೆ ಗಂಡೋ ಹೆಣ್ಣೋ ಅನ್ನುವ ಪ್ರಶ್ನೆಯೇ ಬರುವುದಿಲ್ಲ, ಕ್ರಿಯಾಪದವೂ ‘ತಿಳಿಸಿದ್ದಾರೆ’ ಅಂತಲೇ ಇರುತ್ತದೆ. ಸರ್ವೆ ನಂಬರ್ ಸರಿಯಾಗಿ ಬರೆಯಿರಿ, ಅದು ಮುಖ್ಯ.

ಹೊಸ ಗುಮಾಸ್ತ

ಸಲ್ಲಿಸಿದೆ, ಕೋರಿದೆ ಅರ್ಥವಾಯಿತು. ‘ನಿಮ್ಮ’ ಬದಲು ‘ತಮ್ಮ’ ಅಂತಲೂ ಮಾಡಿದೆ. ಆದರೆ ‘ಕ್ಷೇತ್ರ ಶಿಕ್ಷಣಾಧಿಕಾರಿಗಳು ತಮ್ಮ ಪತ್ರದಲ್ಲಿ’ ಅನ್ನುವ ಕಡೆ ‘ತಮ್ಮ’ ಆಗಲೇ ಇತ್ತು. ಅದಕ್ಕೂ ಗೀಟು ಹಾಕಿದ್ದಾರೆ. ಅದು ಯಾಕೆ?

ಟಪಾಲು ಬಂತು

ಅಯ್ಯೋ, ಈ ‘ತಮ್ಮ’ ನನಗೆ ಒಂದು ದಿನದ ಸಂಬಳ ಕಳೆಯುವುದರಲ್ಲಿತ್ತು. ಕೇಳಿ.

ನಾನು ಒಂದು ಜಿಲ್ಲಾ ಕಚೇರಿಯಲ್ಲಿದ್ದೆ, ಯಾವುದು ಅಂತ ಬೇಡ. ಬೆಂಗಳೂರಿನ ಆಯುಕ್ತರು ಸಭೆ ಕರೆದಿದ್ದರು. ನಮ್ಮ ಮೇಲಿನ ಕಚೇರಿಗೆ ನಾನು ಬರೆದೆ: “ಆಯುಕ್ತರು ದಿನಾಂಕ 14ರಂದು ತಮ್ಮ ಕಚೇರಿಯಲ್ಲಿ ಸಭೆ ಕರೆದಿದ್ದಾರೆ.” ನನ್ನ ಮನಸ್ಸಿನಲ್ಲಿ ‘ತಮ್ಮ’ ಅಂದರೆ ಆಯುಕ್ತರ ಸ್ವಂತ ಕಚೇರಿ. ಓದಿದ ಸಾಹೇಬರಿಗೆ ‘ತಮ್ಮ’ ಅಂದರೆ ತಾವೇ. ಆಯುಕ್ತರು ಈ ಸಾಹೇಬರ ಕಚೇರಿಗೇ ಬರುತ್ತಿದ್ದಾರೆ ಅಂದುಕೊಂಡರು! ಗೋಡೆಗೆ ಸುಣ್ಣ ಹೊಡೆಸಿದರು. ಹಳೇ ಕಡತ ಎಲ್ಲ ಬಟ್ಟೆ ಕಟ್ಟಿ ಜೋಡಿಸಿದರು. ಹಿಂದಿನ ದಿನ ಸಂಜೆ ಫೋನ್ ಮಾಡಿ, ಆಯುಕ್ತರಿಗೆ ಊಟಕ್ಕೆ ಏನು ವ್ಯವಸ್ಥೆ ಮಾಡೋಣ ಅಂತ ಕೇಳಿದಾಗ ಗೊತ್ತಾಯಿತು. ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಓಡಿದರು. ನನಗೆ ನೋಟಿಸ್ ಕೊಡುತ್ತೇನೆ ಅಂದಿದ್ದರು, ಆಮೇಲೆ ಹೇಗೋ ತಣ್ಣಗಾಯಿತು. ಸುಣ್ಣ ಮಾತ್ರ ಚೆನ್ನಾಗಿ ಬಂದಿತ್ತು.

ಕನ್ನಡ ಪಾಠ

ಇದಕ್ಕಿಂತ ಒಳ್ಳೆಯ ಉದಾಹರಣೆ ನನ್ನ ಪಾಠದಲ್ಲೂ ಇಲ್ಲ. ‘ತಾವು’ ಅಂದರೆ ಎದುರಿಗಿರುವ ದೊಡ್ಡವರು. ‘ಅವರು ತಮ್ಮ ಮನೆಗೆ ಹೋದರು’ ಅನ್ನುವಾಗ ಅದೇ ಪದ ಅವರನ್ನೇ ತಿರುಗಿ ತೋರಿಸುತ್ತದೆ. ಮಾತಿನಲ್ಲಿ ಮುಖ ನೋಡಿ ತಿಳಿಯುತ್ತೇವೆ. ಪತ್ರದಲ್ಲಿ ಮುಖ ಇಲ್ಲ. ಗುಮಾಸ್ತರ ಪತ್ರದಲ್ಲಿ ಓದುವವರು ಉಪನಿರ್ದೇಶಕರು, ಮಾತು ಬಿಇಒ ಬಗ್ಗೆ. ಉಪನಿರ್ದೇಶಕರು ‘ತಮ್ಮ ಪತ್ರ’ ಅಂತ ಓದಿದರೆ ‘ನಾನು ಯಾವಾಗ ಕೇಳಿದೆ?’ ಅಂದುಕೊಳ್ಳುತ್ತಾರೆ.

ನಿವೃತ್ತ ಶಿರಸ್ತೇದಾರ

ನಾವು ಪಾಲಿಸುತ್ತಿದ್ದ ಕ್ರಮ ಹೇಳುತ್ತೇನೆ. ಒಂದು ಪತ್ರದಲ್ಲಿ ‘ತಾವು, ತಮ್ಮ, ತಮಗೆ’ ಎಲ್ಲ ಯಾರ ಹೆಸರಿಗೆ ಪತ್ರ ಹೋಗುತ್ತದೋ ಅವರಿಗೆ ಮಾತ್ರ. ಮೂರನೆಯವರ ವಿಷಯ ಬಂದರೆ ಹುದ್ದೆಯ ಹೆಸರನ್ನೇ ಮತ್ತೆ ಬರೆ, ಇಲ್ಲವೇ ‘ಸದರಿ ಕಚೇರಿ’ ಅನ್ನು. ‘ಕ್ಷೇತ್ರ ಶಿಕ್ಷಣಾಧಿಕಾರಿಗಳ ದಿನಾಂಕ ಇಂಥದ್ದರ ಪತ್ರದಲ್ಲಿ ಸೂಚಿಸಿರುವಂತೆ’ ಅಂದರೆ ಮುಗಿಯಿತು.

‘ತಾವು’ ಅಂದಮೇಲೆ ಕ್ರಿಯಾಪದ ‘ಸೂಚಿಸಿದ್ದೀರಿ’ ಅಂತ ಬರಬೇಕು. ಕೆಲವರು ಮರ್ಯಾದೆ ಜಾಸ್ತಿ ಆಗಲಿ ಅಂತ ‘ತಾವು ಸೂಚಿಸಿದ್ದಾರೆ’ ಬರೆಯುತ್ತಾರೆ. ಅದು ಯಾರಿಗೂ ಸೇರದ ವಾಕ್ಯ. ‘ದ್ದೀರಿ’ ಬರೆಯಲು ಕೈ ಬರದಿದ್ದರೆ ‘ತಮ್ಮ ಪತ್ರದಲ್ಲಿ ಸೂಚಿಸಿರುವಂತೆ’ ಅಂತ ತಿರುಗಿಸು. ಆಗ ಕೊನೆಯ ಪ್ರತ್ಯಯದ ಗೊಡವೆಯೇ ಇಲ್ಲ.

ಧಾರವಾಡದ ಟೀಚರ್

ಅವರ ಪತ್ರದಾಗ ‘ಕೇಳಿರುತ್ತಾರೆ’ ಅಂತ ಐತಲ್ಲ, ಅದಕ್ಕೂ ಒಂದು ಮಾತು. ನಮ್ಮ ಮನ್ಯಾಗ ‘ಅವರು ಊಟ ಮಾಡಿರತಾರ’ ಅಂದರ ‘ಮಾಡಿರಬೇಕು’ ಅಂತ ಅಂದಾಜು. ಕಚೇರಿಯಾಗ ‘ಹಾಜರಾಗಿರುತ್ತಾರೆ’ ಅಂದರ ಹಾಜರಾದರು ಅಂತ. ಒಮ್ಮೆ ಒಂದು ವಿಚಾರಣೆಯಾಗ ಇದs ಜಗಳ. ‘ಸದರಿ ಶಿಕ್ಷಕರು ಅಂದು ಶಾಲೆಗೆ ಹಾಜರಾಗಿರುತ್ತಾರೆ’ ಅಂತ ಬರೆದಿದ್ದರು. ವಿಚಾರಣೆ ಮಾಡೋರು, ‘ನೀವು ನೋಡಿದ್ದೀರೋ, ಊಹೆ ಮಾಡಿದ್ದೀರೋ?’ ಅಂತ ಹಿಡಕೊಂಡರು. ಅವತ್ತಿಂದ ನಾನು ಸೀದಾ ‘ಹಾಜರಾಗಿದ್ದಾರೆ’, ‘ಹಾಜರಿದ್ದರು’ ಅಂತs ಬರಿತೀನಿ.

ಗೌರವಾನ್ವಿತ

‘ದ್ದಾರೆ’ ತೀರಾ ಮಾತಿನ ಹಾಗಿದೆ. ‘ರುತ್ತಾರೆ’ಯಲ್ಲಿ ಒಂದು ಗಾಂಭೀರ್ಯ ಇದೆ. ಹಾಗೆಯೇ ‘ಅವರು’ ಗಿಂತ ‘ರವರು’ ಹೆಚ್ಚು ಗೌರವ. ಅದನ್ನೂ ಬಿಡಬೇಡಿ.

ಕನ್ನಡ ಪಾಠ

‘ರವರು’ ಅನ್ನುವ ಪದವೇ ಇಲ್ಲ ಸರ್. ರಾಯರು, ಅವರು ಸೇರಿ ‘ರಾಯರವರು’. ಅಧ್ಯಕ್ಷರು, ಅವರು ಸೇರಿ ‘ಅಧ್ಯಕ್ಷರವರು’. ಅಲ್ಲಿರುವ ರಕಾರ ಅಧ್ಯಕ್ಷರದ್ದು. ಯಾರೋ ಅದನ್ನು ಕಿತ್ತು ‘ಅವರು’ಗೆ ಅಂಟಿಸಿದರು. ಈಗ ‘ತಹಶೀಲ್ದಾರ್ ರವರು’, ‘ಲಕ್ಷ್ಮೀ ರವರು’ ಅಂತ ಎಲ್ಲ ಕಡೆ ನಡೆಯುತ್ತಿದೆ. ಗುಮಾಸ್ತರು ಬರೆದ ‘ಅಧಿಕಾರಿಗಳು ರವರು’ ಅಂತೂ ಎರಡು ಸಲ ಬಹುವಚನ ಹೇಳಿ ನಡುವೆ ಒಂದು ಅನಾಥ ರಕಾರ ಕೂರಿಸಿದ ಹಾಗೆ. ‘ಅಧಿಕಾರಿಗಳು’ ಅಂದರೆ ಸಾಕು. ಒಬ್ಬರೇ ಇದ್ದರೂ ಆ ‘ಗಳು’ ಗೌರವಕ್ಕೇ ಇರುವುದು. ಹೆಸರಿನ ಮುಂದೆ ಬೇಕಿದ್ದರೆ ‘ಲಕ್ಷ್ಮೀ ಅವರು’ ಅನ್ನಿ.

ಗೌರವಾನ್ವಿತ

ಪದವೇ ಇಲ್ಲ ಅಂದರೆ ನಮ್ಮ ಊರಿನ ಎಲ್ಲ ಬೋರ್ಡೂ ತಪ್ಪಾ?

ಕನ್ನಡ ಪಾಠ

ಬೋರ್ಡು ಬರೆದವರು ಪೈಂಟರ್. ಅವರ ಮೇಲೆ ನನಗೆ ಕೋಪ ಇಲ್ಲ.

ಟಪಾಲು ಬಂತು

ಪ್ರಾಮಾಣಿಕವಾಗಿ ಹೇಳುತ್ತೇನೆ, ‘ರವರು’ ತೆಗೆದ ಕರಡನ್ನು ನಮ್ಮ ಮ್ಯಾನೇಜರ್ ಮತ್ತೆ ಸೇರಿಸಿ ಕೊಡುತ್ತಾರೆ. ನಾನು ಮೂರು ಸಲ ತೆಗೆದೆ, ಅವರು ಮೂರು ಸಲ ಹಾಕಿದರು. ವ್ಯಾಕರಣ ಗೊತ್ತಿದ್ದರೂ ಸೀಟಿನಲ್ಲಿ ಕೂತವರು ಹೇಳಿದ್ದೇ ನಡೆಯೋದು.

ನಿವೃತ್ತ ಶಿರಸ್ತೇದಾರ

ಅದರಲ್ಲಿ ಹಟ ಬೇಡ. ‘ರವರು’ಯಿಂದ ಯಾರಿಗೂ ಅರ್ಥ ಕೆಡುವುದಿಲ್ಲ. ‘ತಮ್ಮ’ ತಪ್ಪಿದರೆ ಸುಣ್ಣ ಹೊಡೆಸಬೇಕಾಗುತ್ತದೆ. ಯಾವುದಕ್ಕೆ ಜಗಳ ಆಡಬೇಕು ಅಂತ ತಿಳಿದಿರಬೇಕು.

ಹೊಸ ಗುಮಾಸ್ತ

ಹೊಸದಾಗಿ ಬರೆದೆ. ಕಚೇರಿ ಪ್ರತಿಯೂ ಸಿಕ್ಕಿತು, ಹಿಂದಿನ ಗುಮಾಸ್ತರು ಚೆನ್ನಾಗಿ ಬರೆದಿದ್ದಾರೆ. ದಯವಿಟ್ಟು ನೋಡಿ:

“ಮಾನ್ಯರೇ,
ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಈ ಶಾಲೆಯ ಎರಡು ಕೊಠಡಿಗಳ ಮೇಲ್ಛಾವಣಿ ಸೋರುತ್ತಿರುವ ವಿಷಯವನ್ನು ತಮ್ಮ ಅವಗಾಹನೆಗೆ ತಂದಿದೆ. ಉಲ್ಲೇಖದಲ್ಲಿ ಕ್ಷೇತ್ರ ಶಿಕ್ಷಣಾಧಿಕಾರಿಗಳು ಸೂಚಿಸಿರುವಂತೆ, ದುರಸ್ತಿ ಕಾಮಗಾರಿಯ ಅಂದಾಜು ಪಟ್ಟಿಯನ್ನು ಇದರೊಂದಿಗೆ ಲಗತ್ತಿಸಿ ಸಲ್ಲಿಸಿದೆ. ಮಳೆಗಾಲ ಆರಂಭವಾಗಿರುವುದರಿಂದ, ಆದ್ಯತೆಯ ಮೇಲೆ ಅನುದಾನ ಮಂಜೂರು ಮಾಡಿಕೊಡಬೇಕೆಂದು ಕೋರಿದೆ.
ತಮ್ಮ ವಿಶ್ವಾಸಿ”

‘ಕೂಡಲೇ’ ತೆಗೆದು ‘ಆದ್ಯತೆಯ ಮೇಲೆ’ ಹಾಕಿದೆ. ಮಳೆಯ ವಿಷಯ ಹೇಳಿದರೆ ಅವಸರ ತಾನಾಗಿಯೇ ಗೊತ್ತಾಗುತ್ತದೆ ಅಂತ. ಒಂದು ಸಂಶಯ ಉಳಿದಿದೆ. ಬಿಇಒ ಮುಂದೆ ‘ಮಾನ್ಯ’ ಹಾಕಬೇಕಿತ್ತಾ? ಅವರೂ ನಮಗೆ ಮೇಲಿನವರೇ, ಪತ್ರವೂ ಅವರ ಕೈ ದಾಟಿಯೇ ಹೋಗಬೇಕು.

ನಿವೃತ್ತ ಶಿರಸ್ತೇದಾರ

ಪತ್ರ ಚೆನ್ನಾಗಿದೆ. ‘ಮಾನ್ಯ’ ಬೇಡ. ಯಾರಿಗೆ ಬರೆಯುತ್ತೀಯೋ ಅವರಿಗೆ ಇರಲಿ. ಉಪನಿರ್ದೇಶಕರ ಎದುರು ಅವರ ಕೈಕೆಳಗಿನವರನ್ನು ‘ಮಾನ್ಯ’ ಅನ್ನುವುದು, ಅಜ್ಜನ ಎದುರು ಅಪ್ಪನನ್ನು ‘ಯಜಮಾನರು’ ಅಂದ ಹಾಗೆ. ‘ಅಧಿಕಾರಿಗಳು’ ಅನ್ನುವ ಬಹುವಚನದಲ್ಲೇ ಬೇಕಾದಷ್ಟು ಗೌರವ ಇದೆ.

ಟಪಾಲು ಬಂತು

ಹಾಕಿಬಿಡಿ ಸುಮ್ನೆ. ಮೊದಲು ಓದುವವರು ಬಿಇಒ. ‘ಮಾನ್ಯ’ ಇದ್ದರೆ ಡಿಡಿಪಿಐ ಏನೂ ಅನ್ನುವುದಿಲ್ಲ, ಇಲ್ಲದಿದ್ದರೆ ಬಿಇಒ ಅನ್ನಬಹುದು.

ನಿವೃತ್ತ ಶಿರಸ್ತೇದಾರ

ಇದು ವ್ಯಾಕರಣ ಅಲ್ಲ, ಭಯ.

ಟಪಾಲು ಬಂತು

ಹೌದು ಸರ್. ನಾನು ಇನ್ನೂ ನಿವೃತ್ತ ಆಗಿಲ್ಲ.

ಸಾಗರದ ಸುಮಾ

ಮೇಲೆ ಬರೆದಿದ್ದೆಲ್ಲ ಓದಿ ನನ್ನ ಅರ್ಜಿಯಲ್ಲೂ ‘ತಿದ್ದುಪಡಿ ಮಾಡುವುದು’ ಅಂತ ಇದ್ದಿದ್ದನ್ನು ‘ಮಾಡಿಕೊಡಬೇಕೆಂದು ಕೋರುತ್ತೇನೆ’ ಅಂತ ಬದಲಾಯಿಸಿದೆ. ಅರ್ಜಿ ನನ್ನದಲ್ವಾ, ಅದಕ್ಕೆ ‘ತ್ತೇನೆ’. ಸರಿ ತಾನೇ?

ಕನ್ನಡ ಪಾಠ

ನೂರಕ್ಕೆ ನೂರು.

ಹೊಸ ಗುಮಾಸ್ತ

ಅಪ್‌ಡೇಟ್ ಕೊಡುತ್ತೇನೆ. ಎಚ್‌ಎಂ ಪತ್ರ ಓದಿದರು. ‘ಕೋರಿದೆ’ ಹೊಡೆದು ‘ಕೋರುತ್ತೇನೆ’ ಮಾಡಿದರು. “ಸಹಿ ನಂದು ಕಣಯ್ಯ” ಅಂದರು. ಬಿಇಒ ಮುಂದೆ ‘ಮಾನ್ಯ’ ಸೇರಿಸಿದರು. ಉಳಿದದ್ದು ಹಾಗೇ ಇತ್ತು. ಸಹಿ ಆಗಿ ಹೋಯಿತು.

ಇವತ್ತು ಬಿಇಒ ಕಚೇರಿಯಿಂದ ವಾಪಸ್ ಬಂದಿದೆ. ಅಂದಾಜು ಪಟ್ಟಿಯಲ್ಲಿ ಎಂಜಿನಿಯರ್ ಸಹಿ ಇದೆ, ಮೊಹರು ಇಲ್ಲವಂತೆ. ಜೊತೆಗಿರುವ ಪತ್ರದ ಕೊನೆಯ ಸಾಲು: “ನ್ಯೂನತೆಯನ್ನು ಸರಿಪಡಿಸಿ ಮೂರು ದಿನಗಳೊಳಗೆ ಮರುಸಲ್ಲಿಸುವುದು.”

ಧಾರವಾಡದ ಟೀಚರ್

ಆಗಲಿ, ಆದೇಶದಂತೆ.